ಒಬ್ಬರ ಸಹಿ ಸಿಗದಿದ್ದಾಗ ಮಗುವಿನ ಪಾಸ್‌ಪೋರ್ಟ್

ಮಗುವಿನ ಪಾಸ್‌ಪೋರ್ಟ್ ವಿಚಾರಕ್ಕೆ ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಮಗುವಿನ ಬಗ್ಗೆ ಯಾವುದಾದರೂ ಕೋರ್ಟಿನಲ್ಲಿ ಕೇಸು ಇದೆಯೇ? ಮುಂದಿನ ದಾರಿಯೆಲ್ಲ ಈ ಉತ್ತರದ ಮೇಲೆ ನಿಂತಿದೆ.

ಕೇಸಿಲ್ಲ, ತಂದೆ-ತಾಯಿ ಇಬ್ಬರೂ ಒಪ್ಪಿದ್ದಾರೆ ಎಂದರೆ ಪಾಸ್‌ಪೋರ್ಟ್ ಅರ್ಜಿಯ ಜೊತೆ ಕೊಡುವ ಒಪ್ಪಿಗೆಯ ಘೋಷಣೆ, ಅಂದರೆ ಅನೆಕ್ಷರ್-ಡಿ ಸಾಕು. ಬಿಳಿ ಹಾಳೆಯಲ್ಲಿ ಇಬ್ಬರೂ ಸಹಿ ಹಾಕಿದರಾಯಿತು. 2016ರ ಡಿಸೆಂಬರ್‌ನ ಬದಲಾವಣೆಯ ನಂತರ ಇದಕ್ಕೆ ನೋಟರಿ ಬೇಕಿಲ್ಲ. ಅಪ್ಪ ದುಬೈಯಲ್ಲಿದ್ದರೆ ಮಾತ್ರ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಅಫಿಡವಿಟ್ ತರಿಸುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಹಿಯ ಫೋಟೊ ಕೌಂಟರಿನಲ್ಲಿ ನಡೆಯುವುದಿಲ್ಲ.

ಒಬ್ಬರು ಬಿಟ್ಟುಹೋಗಿದ್ದಾರೆ, ಸಂಪರ್ಕಕ್ಕೇ ಸಿಗುತ್ತಿಲ್ಲ ಎಂದಾಗ, ಅರ್ಜಿ ಹಾಕುವವರು ಒಬ್ಬರೇ ಸಹಿ ಮಾಡಿ ಕೊಡುವ ಘೋಷಣೆಯಾದ ಅನೆಕ್ಷರ್-ಸಿ. ಸಹಿ ಏಕಿಲ್ಲ ಎಂಬ ಕಾರಣವನ್ನು ಅದರಲ್ಲಿ ಬರೆಯಬೇಕು. ಎಡವುವುದು ಇಲ್ಲಿಯೇ. ಕಸ್ಟಡಿ ಕೇಸು ನಡೆಯುತ್ತಿರುವಾಗ ಅದನ್ನು ಮುಚ್ಚಿಟ್ಟು ‘ವಿಳಾಸ ಗೊತ್ತಿಲ್ಲ’ ಎಂದು ಬರೆದರೆ, ಎದುರಿನವರ ಒಂದು ದೂರಿಗೆ ಪಾಸ್‌ಪೋರ್ಟ್ ಜಪ್ತಿಯಾಗಬಹುದು. ಆ ಸುಳ್ಳು ಕಸ್ಟಡಿ ಕೇಸಿನಲ್ಲೂ ನಿಮ್ಮ ವಿರುದ್ಧವೇ ತಿರುಗುತ್ತದೆ.

ಕೇಸಿದೆ, ಎದುರಿನವರು ಒಪ್ಪುತ್ತಿಲ್ಲ ಎಂದರೆ ಕೋರ್ಟಿನ ಆದೇಶವೇ ಬೇಕು. ಮಗು ಯಾರ ಬಳಿ ಇರಬೇಕೆಂದು ತೀರ್ಮಾನಿಸುವುದು ಪಾಸ್‌ಪೋರ್ಟ್ ಅಧಿಕಾರಿಯ ಕೆಲಸವಲ್ಲ. ಒಂದು ಉದಾಹರಣೆ ನೋಡಿ: ಮೈಸೂರಿನ ತಾಯಿ, ಒಂಬತ್ತು ವರ್ಷದ ಮಗಳು, ಬೇಸಿಗೆ ರಜೆಯಲ್ಲಿ ಜರ್ಮನಿಯ ಚಿಕ್ಕಮ್ಮನ ಮನೆಗೆ ನಾಲ್ಕು ವಾರ. ಹೊಸ ದಾವೆ ಬೇಡ. ಕಸ್ಟಡಿ ಕೇಸು ನಡೆಯುತ್ತಿರುವ ಕೌಟುಂಬಿಕ ನ್ಯಾಯಾಲಯದಲ್ಲೇ ಮಧ್ಯಂತರ ಅರ್ಜಿ ಹಾಕುತ್ತೇನೆ. ಎದುರಿನವರಿಗೆ ನೋಟಿಸ್ ಮುಟ್ಟಿ ಅವರ ಆಕ್ಷೇಪಣೆ ಬರಬೇಕಾದ್ದರಿಂದ ಪ್ರಯಾಣಕ್ಕೆ ಕೆಲವು ತಿಂಗಳ ಮೊದಲೇ ಅರ್ಜಿ ಹಾಕಬೇಕು.

ಅರ್ಜಿಯಲ್ಲಿ ಎರಡು ಕೋರಿಕೆಗಳನ್ನು ಬೇರೆಬೇರೆಯಾಗಿ ಬರೆಯುತ್ತೇನೆ. ಒಂದು, ತಂದೆಯ ಸಹಿ ಇಲ್ಲದೆಯೇ ಪಾಸ್‌ಪೋರ್ಟ್ ಕೊಡಬಹುದು ಎಂಬುದು. ಇನ್ನೊಂದು, ಇಂಥ ದೇಶಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಮಗುವನ್ನು ಕರೆದೊಯ್ಯಲು ಅನುಮತಿ. ಮೊದಲನೆಯದನ್ನಷ್ಟೇ ಕೇಳಿ, ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ವೀಸಾ ಹಂತದಲ್ಲಿ ನಿಂತುಬಿಡುವವರೇ ಹೆಚ್ಚು. ಜರ್ಮನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಜೊತೆಯಲ್ಲಿ ಹೋಗದ ಪೋಷಕರ ಒಪ್ಪಿಗೆಯನ್ನೋ ಅದರ ಬದಲಿಗೆ ಕೋರ್ಟಿನ ಆದೇಶವನ್ನೋ ಕೇಳುತ್ತಾರೆ. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟೇ ನೇಮಿಸಿದ ಪಾಲಕರಾಗಿದ್ದರಂತೂ 26ನೇ ಕಲಮಿನ ಪ್ರಕಾರ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಒಯ್ಯಲು ಅದರ ಅನುಮತಿ ಬೇಕು.

ನ್ಯಾಯಾಧೀಶರ ಅಳುಕು ಒಂದೇ, ಮಗು ವಾಪಸು ಬರದಿದ್ದರೆ? ಮಕ್ಕಳನ್ನು ಮರಳಿ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಈ ಅಳುಕಿಗೆ ಅರ್ಥವಿದೆ. ಆದ್ದರಿಂದ ಹೋಗಿಬರುವ ಟಿಕೆಟಿನ ವಿವರ, ಚಿಕ್ಕಮ್ಮನ ವಿಳಾಸ, ಶಾಲೆ ಮತ್ತೆ ತೆರೆಯುವ ದಿನದ ಪತ್ರ, ವಾರಕ್ಕೆರಡು ಬಾರಿ ಅಪ್ಪನೊಂದಿಗೆ ವಿಡಿಯೊ ಕರೆ ಮಾಡಿಸುವ ಮುಚ್ಚಳಿಕೆ, ಇವನ್ನು ಕೋರ್ಟು ಕೇಳುವ ಮೊದಲೇ ಲಗತ್ತಿಸುತ್ತೇನೆ.

ಆದೇಶ ಬಂದ ದಿನವೇ ಮಗುವಿನ ಹೆಸರು ಜನನ ಪ್ರಮಾಣಪತ್ರದಲ್ಲಿರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರವಾಗಿ ನೋಡಿ. ಒಂದು ಇನಿಶಿಯಲ್ ತಪ್ಪಿದ್ದರೂ ತಿದ್ದುಪಡಿಗೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ದೃಢೀಕೃತ ನಕಲುಗಳನ್ನು ಎರಡಾದರೂ ತೆಗೆಸಿ, ಒಂದು ಪ್ರಯಾಣದ ಕೈಚೀಲದಲ್ಲೇ ಇರಲಿ.