ಗುಂಡಿಗಿಳಿದು ಮಣ್ಣಿನ ಪದರ ಓದುವುದು ಹೇಗೆ?

ಕೃಷಿ ವಿದ್ಯಾರ್ಥಿಗಳ ಪ್ರಾಯೋಗಿಕ ರೆಕಾರ್ಡ್ ತೆರೆದರೆ ಒಂದೇ ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ: ಮೇಲಿನಿಂದ ಕೆಳಕ್ಕೆ ಓ, ಎ, ಇ, ಬಿ, ಸಿ, ಆರ್ ಎಂದು ಆರು ಪಟ್ಟಿಗಳು. ಅದು ಪಠ್ಯದ ಚಿತ್ರ, ಹೊಲದ್ದಲ್ಲ. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ರಾಗಿ ಹೊಲಗಳಲ್ಲಿ ಎಲೆ ಕೊಳೆತು ಕೂತ ಓ ಪದರ ಇರುವುದಿಲ್ಲ. ಬಣ್ಣ ಕಳೆದುಕೊಂಡ ಇ ಪದರವೂ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಮೊದಲು ಕಂಡದ್ದನ್ನು ಬರೆಯಿರಿ, ಅಕ್ಷರಗಳನ್ನು ಕೊನೆಗೆ ಹಾಕಿ. ಇಲ್ಲಿ ಈ ಭಾಗದ ಕೆಂಪು ಮಣ್ಣನ್ನೇ ಹಿಡಿದು ನೋಡೋಣ.

ಜಾಗ ಮತ್ತು ಗುಂಡಿ

ಬದು, ರಸ್ತೆ, ಮರದ ಬುಡ, ಹುತ್ತ, ತಿಪ್ಪೆ ಇವುಗಳಿಂದ ದೂರ ಇರುವ ಜಾಗ ಆರಿಸಿ. ಹೊಲದವರನ್ನು ಒಂದು ಮಾತು ಕೇಳಲೇಬೇಕು: ಇಲ್ಲಿಗೆ ಕೆರೆ ಗೋಡು ಹೊಡೆಸಿದ್ದೀರಾ? ಕೆಂಪು ಹೊಲಕ್ಕೆ ಕೆರೆ ಗೋಡು ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಹಾಗೆ ಹಾಕಿದ ಕಡೆ ಮೇಲ್ಪದರದ ಜೇಡಿ ಹೊರಗಿನಿಂದ ಬಂದದ್ದು. ಅದನ್ನು ಲೆಕ್ಕಕ್ಕೆ ಹಿಡಿದರೆ ಮುಂದಿನ ವರ್ಗೀಕರಣವೇ ತಪ್ಪಾಗುತ್ತದೆ.

ಗುಂಡಿ ಸುಮಾರು 1 ಮೀಟರ್ ಅಗಲ, 2 ಮೀಟರ್ ಉದ್ದ, 1.5 ಮೀಟರ್ ಆಳ ಇರಲಿ. ಅದಕ್ಕೂ ಮೊದಲೇ ಗಟ್ಟಿ ಬಂಡೆ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ನೀವು ಓದುವ ಗೋಡೆಗೆ ಬಿಸಿಲು ನೇರವಾಗಿ ಬೀಳಬೇಕು. ಎದುರಿನ ಕಡೆ ಇಳಿಯಲು ಮೆಟ್ಟಿಲು ಬಿಡಿ. ಓದುವ ಗೋಡೆಯ ಮೇಲೆ ಯಾರೂ ನಿಲ್ಲಬಾರದು, ಅಲ್ಲಿ ಮಣ್ಣನ್ನೂ ಸುರಿಯಬಾರದು. ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಮಣ್ಣನ್ನು ಇನ್ನೊಂದು ಬದಿಗೆ ಹಾಕಿದರೆ ಮುಚ್ಚುವಾಗ ಕೆಳಗಿನದು ಕೆಳಗೇ ಹೋಗುತ್ತದೆ. ಕೆಲಸ ಮರುದಿನಕ್ಕೆ ಉಳಿದರೆ ದನ ಬೀಳದಂತೆ ಮುಳ್ಳು ಹಾಕಿ ಬನ್ನಿ.

ರಸ್ತೆ ಪಕ್ಕದ ಕಡಿತವನ್ನೂ ಬಳಸಬಹುದು. ಆದರೆ ಬಿಸಿಲು ಮಳೆಗೆ ಒಡ್ಡಿಕೊಂಡ ಮುಖವನ್ನು ಒಂದು ಅಡಿಯಾದರೂ ಒಳಕ್ಕೆ ಕೆರೆದು ಹೊಸ ಮುಖ ತೆಗೆಯಬೇಕು.

ಗೋಡೆಯನ್ನು ಸಿದ್ಧಪಡಿಸುವುದು

ಹೆಚ್ಚಿನವರು ತಪ್ಪುವುದು ಇಲ್ಲೇ. ಗುದ್ದಲಿ, ಸನಿಕೆ ತಾಗಿದ ಗೋಡೆ ನುಣ್ಣಗೆ ಸವರಿದಂತಿರುತ್ತದೆ. ಆ ಹೊಳಪನ್ನು ನೋಡಿ ‘ಜೇಡಿ ಪೊರೆ ಇದೆ’ ಎಂದು ಬರೆದುಬಿಡುತ್ತಾರೆ. ಗೋಡೆಯ ಅರ್ಧ ಭಾಗವನ್ನು ಚಾಕುವಿನ ಮೊನೆಯಿಂದ ಹೆಂಟೆ ಹೆಂಟೆಯಾಗಿ ಎಬ್ಬಿಸುತ್ತಾ ಮೇಲಿನಿಂದ ಕೆಳಕ್ಕೆ ಬನ್ನಿ. ಆಗ ಮಣ್ಣು ತನ್ನ ಸಹಜ ಬಿರುಕುಗಳಲ್ಲೇ ಬಿಟ್ಟುಕೊಳ್ಳುತ್ತದೆ. ಉಳಿದರ್ಧ ಸಮತಟ್ಟಾಗಿರಲಿ, ಅದು ಬಣ್ಣ ಮತ್ತು ಗಡಿ ನೋಡುವುದಕ್ಕೆ. ಟೇಪನ್ನು ನೆಲಮಟ್ಟದಲ್ಲಿ ಸೊನ್ನೆ ಬರುವಂತೆ ಇಳಿಬಿಟ್ಟು ಫೋಟೊ ತೆಗೆಯಿರಿ.

ಈಗ ಗಡಿಗಳು. ಕಣ್ಣಿಗೆ ಬಣ್ಣ ಬದಲಾದ ಕಡೆ, ಚಾಕು ಚುಚ್ಚಿದಾಗ ಗಡಸುತನ ಬದಲಾದ ಕಡೆ, ಕಲ್ಲು ಹೆಚ್ಚಿದ ಕಡೆ ಒಂದೊಂದು ಮೊಳೆ ಸಿಕ್ಕಿಸಿ. ಬದಲಾವಣೆ 2 ಸೆಂಟಿಮೀಟರಿನೊಳಗೆ ಮುಗಿದರೆ ಗಡಿ ಹಠಾತ್, 2ರಿಂದ 5ರೊಳಗಾದರೆ ಸ್ಪಷ್ಟ, 5ರಿಂದ 15ರೊಳಗಾದರೆ ಕ್ರಮೇಣ, ಅದಕ್ಕೂ ಮೀರಿದರೆ ಅಸ್ಪಷ್ಟ. ಉಳುಮೆಯ ಪದರದ ಕೆಳಗಡಿ ನೇಗಿಲಿನಿಂದಾದದ್ದು, ಹಾಗಾಗಿ ಅದು ಸಾಮಾನ್ಯವಾಗಿ ಚೂಪಾಗಿ ಕಾಣುತ್ತದೆ.

ಪ್ರತಿ ಪದರಕ್ಕೂ ಮೂರು ಪರೀಕ್ಷೆ

ಬಣ್ಣವನ್ನು ಒದ್ದೆ ಮಾಡಿದ ಹೆಂಟೆಯಲ್ಲಿ, ಮನ್ಸೆಲ್ ಪುಸ್ತಕದ ಚೌಕಗಳಿಗೆ ಹೋಲಿಸಿ ನೋಡಿ. ಬೆಳಗಿನ ಅಥವಾ ಸಂಜೆಯ ಹೊಂಬಿಸಿಲಿನಲ್ಲಿ ಎಲ್ಲ ಮಣ್ಣೂ ಇದ್ದದ್ದಕ್ಕಿಂತ ಕೆಂಪಾಗಿ ಕಾಣುತ್ತದೆ. ಆದ್ದರಿಂದ ಈ ಕೆಲಸ ನಡುಹಗಲಿಗೆ ಇರಲಿ.

ಎರಡನೆಯದು ಕೈಬೆರಳಿನ ಪರೀಕ್ಷೆ. ಕಲ್ಲು ತೆಗೆದ ಮಣ್ಣಿಗೆ ನೀರು ಸೇರಿಸಿ, ಕಣಕದ ಹದಕ್ಕೆ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿಯಂತೆ ಹೊರಡಿಸಿ. ಪಟ್ಟಿ 2.5 ಸೆಂಟಿಮೀಟರ್ ತಲುಪುವ ಮೊದಲೇ ಮುರಿದರೆ ಜೇಡಿ ಕಡಿಮೆ. 2.5ರಿಂದ 5ರವರೆಗೆ ಬಂದರೆ ಮಧ್ಯಮ. 5 ದಾಟಿದರೆ ಅದು ಜೇಡಿಮಣ್ಣು. ಬೆರಳಿಗೆ ಒರಟು ತಾಗುತ್ತಿದ್ದರೆ ಹೆಸರಿಗೆ ‘ಮರಳು’ ಸೇರಿಸಿ.

ಮೂರನೆಯದು ಜೇಡಿ ಪೊರೆ. ನೀರಿನೊಂದಿಗೆ ಕೆಳಗಿಳಿದ ಸಣ್ಣ ಜೇಡಿಕಣಗಳು ಹೆಂಟೆಯ ಮುಖದ ಮೇಲೆ, ಬೇರು ಹೋದ ರಂಧ್ರಗಳ ಒಳಗೆ ಮೇಣ ಸವರಿದಂತೆ ಕೂರುತ್ತವೆ. ಹೆಂಟೆಯನ್ನು ಕೈಯಲ್ಲಿ ಮುರಿದು 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ಹೊರಮುಖ ಮಿನುಗಿ, ಮುರಿದ ಒಳಭಾಗ ಮಂಕಾಗಿದ್ದರೆ ಅದು ನಿಜವಾದ ಪೊರೆ. ನಮ್ಮ ಕೆಂಪು ಮಣ್ಣಿನಲ್ಲಿ ಅದು ಹಲವು ಸಲ ತೇಪೆ ತೇಪೆಯಾಗಿ, ತೆಳ್ಳಗೆ ಇರುತ್ತದೆ. ನಾಲ್ಕೈದು ಹೆಂಟೆ ಮುರಿಯದೆ ‘ಇಲ್ಲ’ ಎಂದು ಬರೆಯಬೇಡಿ.

ಮಾದರಿ ತೆಗೆಯುವಾಗ ಕೆಳಗಿನ ಪದರದಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಇಲ್ಲದಿದ್ದರೆ ಮೇಲಿನ ಮಣ್ಣು ಉದುರಿ ಕೆಳಗಿನದಕ್ಕೆ ಬೆರೆಯುತ್ತದೆ.

ಒಂದು ಮಾದರಿ ಗುಂಡಿ

ಲೆಕ್ಕ ತಿಳಿಯಲು ಈ ಭಾಗಕ್ಕೆ ಹೊಂದುವ ಒಂದು ಗುಂಡಿಯನ್ನು ಊಹಿಸಿಕೊಳ್ಳಿ. 0–16 ಸೆಂಟಿಮೀಟರ್: ಕೆಂಗಂದು, ಮರಳುಗೋಡು, ಬೇರು ಹೇರಳ, ಜೇಡಿ ಶೇ 18. 16–42: ಕೆಂಪು ಹೆಚ್ಚಿದೆ, ಜೇಡಿ ಶೇ 27, ಅಲ್ಲಲ್ಲಿ ಪೊರೆ. 42–98: ಕಡುಗೆಂಪು, ಜೇಡಿ ಶೇ 38, ಪೊರೆ ಸ್ಪಷ್ಟ. 98–130: ಜೇಡಿ ಶೇ 30ಕ್ಕೆ ಇಳಿದು ಕೊಳೆತ ಕಲ್ಲಿನ ತುಣುಕುಗಳು ಶುರುವಾಗುತ್ತವೆ. 130ರಿಂದ ಕೆಳಗೆ ನೈಸ್ ಬಂಡೆಯ ಪಟ್ಟೆಗಳೇ ಕಾಣುತ್ತವೆ, ಆದರೂ ಹಾರೆಗೆ ಬಿಡುತ್ತದೆ.

ಈಗ ಅಕ್ಷರ ಹಾಕಿ. ಮೊದಲನೆಯದು ಉಳುಮೆಯ ಎ, ಅಂದರೆ ಎಪಿ. ಎರಡನೆಯದನ್ನು ಹಲವರು ‘ಎ2’ ಎಂದು ಬರೆಯುತ್ತಾರೆ. ನಿಯಮ ನೋಡಿ: ಮೇಲಿನ ಪದರದಲ್ಲಿ ಜೇಡಿ ಶೇ 15ರಿಂದ 40ರ ನಡುವೆ ಇದ್ದರೆ, ಕೆಳಗಿನದರಲ್ಲಿ ಅದರ 1.2 ಪಟ್ಟಾದರೂ ಇರಬೇಕು. 18ರ 1.2 ಪಟ್ಟು 21.6. ಇಲ್ಲಿ 27 ಇದೆ, ಪೊರೆಯೂ ಇದೆ. ಆದ್ದರಿಂದ ಅದು ಜೇಡಿ ಶೇಖರಣೆಯ ಬಿ, ಅಂದರೆ ಬಿಟಿ1. ಮುಂದಿನದು ಬಿಟಿ2. ಆಮೇಲೆ ಬಿ ಮತ್ತು ಸಿ ನಡುವಿನ ಪದರ, ಅಂದರೆ ‘ಬಿಸಿ’. ಕೊನೆಗೆ ಕೊಳೆತ ಬಂಡೆಯ ಸಿಆರ್.

ಈ ‘ಟಿ’ ಅಕ್ಷರದ ಮೇಲೆಯೇ ವರ್ಗೀಕರಣ ನಿಂತಿದೆ. ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಪುಸ್ತಕವಾಗಿ ತಂದ ಪದ್ಧತಿಯನ್ನೇ ನಮ್ಮಲ್ಲೂ ಬಳಸುತ್ತಾರೆ. ಅದರಲ್ಲಿ ಈಗ 12 ಗಣಗಳಿವೆ. ಬಿ ಪದರವೇ ಬೆಳೆಯದ ಮಣ್ಣು ಎಂಟಿಸಾಲ್. ಬಿ ಇದ್ದು ಬಣ್ಣ, ರಚನೆ ಮಾತ್ರ ಬದಲಾಗಿದ್ದರೆ ಇನ್ಸೆಪ್ಟಿಸಾಲ್. ಜೇಡಿ ಇಳಿದು ಶೇಖರವಾಗಿದ್ದರೆ ಆಲ್ಫಿಸಾಲ್ ಅಥವಾ ಅಲ್ಟಿಸಾಲ್. ಧಾರವಾಡ ಕಡೆಯ ಎರೆಮಣ್ಣಿನ ದಾರಿ ಬೇರೆ. ಅಲ್ಲಿ ಹುಡುಕಬೇಕಾದದ್ದು ಬೇಸಿಗೆಯ ಬಿರುಕು ಮತ್ತು ಮಣ್ಣು ಮಣ್ಣಿಗೆ ಉಜ್ಜಿ ನುಣುಪಾದ ಓರೆ ಮುಖಗಳು. ಅವು ಇದ್ದರೆ ಅದು ವರ್ಟಿಸಾಲ್.

ನಮ್ಮ ಗುಂಡಿ ಆಲ್ಫಿಸಾಲೋ ಅಲ್ಟಿಸಾಲೋ ಎಂಬುದನ್ನು ಗುಂಡಿಯಲ್ಲಿ ನಿಂತು ತೀರ್ಮಾನಿಸಲಾಗದು. ಆಳದ ಮಣ್ಣಿನ ಪ್ರತ್ಯಾಮ್ಲ ಸಂತೃಪ್ತಿ ಶೇ 35 ಅಥವಾ ಹೆಚ್ಚಿದ್ದರೆ ಆಲ್ಫಿಸಾಲ್, ಕಡಿಮೆಯಾದರೆ ಅಲ್ಟಿಸಾಲ್. ಇದನ್ನು ಪ್ರಯೋಗಾಲಯ ಮಾತ್ರ ಹೇಳಬಲ್ಲದು. ಮಳೆ ಮಿತವಾಗಿರುವ ಈ ಭಾಗದಲ್ಲಿ ಆಲ್ಫಿಸಾಲ್ ನಿರೀಕ್ಷಿಸಬಹುದು. ಒಣಗಾಲ ದೀರ್ಘವಾಗಿದ್ದು ಬೆಳೆಗಾಲದಲ್ಲಿ ತೇವ ಸಿಗುವುದರಿಂದ ಉಪಗಣ ಉಸ್ಟಾಲ್ಫ್. ರೆಕಾರ್ಡಿನಲ್ಲಿ ‘ತಾತ್ಕಾಲಿಕ: ಉಸ್ಟಾಲ್ಫ್, ಸಂತೃಪ್ತಿ ಪರೀಕ್ಷೆ ಬಾಕಿ’ ಎಂದು ಬರೆಯಿರಿ.

ಇನ್ನೊಂದು ಎಚ್ಚರಿಕೆ. ಎರಡು ಪದರಗಳ ನಡುವೆ ಬೆಣಚುಕಲ್ಲಿನ ಸಾಲು ಸಿಕ್ಕರೆ, ಅದರ ಮೇಲಿನ ಮಣ್ಣು ಬೇರೆಡೆಯಿಂದ ಬಂದು ಕೂತಿರಬಹುದು. ಆಗ ಜೇಡಿಯ ಅಂತರ ಇಳಿದುಬಂದದ್ದರಿಂದಲೇ ಆಯಿತು ಎನ್ನಲಾಗದು, ಪೊರೆಯ ಸಾಕ್ಷಿ ಇಲ್ಲದೆ ‘ಟಿ’ ಹಾಕಬಾರದು. ಮೂಲದ್ರವ್ಯವೇ ಬೇರೆ ಎಂದು ಖಚಿತವಾದರೆ ಕೆಳಗಿನ ಪದರದ ಅಕ್ಷರದ ಮುಂದೆ 2 ಎಂಬ ಅಂಕಿ ಹಾಕಿ, ಕಲ್ಲಿನ ಸಾಲಿನ ಆಳವನ್ನು ಟಿಪ್ಪಣಿಯಲ್ಲಿ ನಮೂದಿಸಿ.