ಹುಟ್ಟಿದ ಮೇಲೆ ಮುಚ್ಚಿದ ದಾರಿಗಳನ್ನು ಡಿಸೆಕ್ಷನ್ ಟೇಬಲ್ ಮೇಲೆ ಹುಡುಕಿದ್ದು

ಅನಾಟಮಿ ವಿಭಾಗಕ್ಕೆ ಸೇರಿದ ಮೊದಲ ವರ್ಷವೇ ನಾನು ಒಂದು ಮೃತದೇಹದ ಎದೆಯಲ್ಲಿ ಲಿಗಮೆಂಟಮ್ ಆರ್ಟೀರಿಯೋಸಮ್ ಅನ್ನು, ಅಂದರೆ ಹುಟ್ಟಿದ ಮೇಲೆ ಮುಚ್ಚಿಹೋದ ಒಂದು ರಕ್ತನಾಳ ಉಳಿಸಿದ ಹುರಿಯನ್ನು, ಕತ್ತರಿಸಿ ಹಾಕಿದ್ದೆ. ಹೃದಯದಿಂದ ಹೊರಡುವ ಮಹಾಧಮನಿ ಅಯೋರ್ಟಾದ ಕಮಾನಿನ ಕೆಳಗಿನ ಕೊಬ್ಬು ತೆಗೆಯುವ ಭರದಲ್ಲಿದ್ದೆ. ಬಿಳಿ ದಾರದಂಥದ್ದೇನೋ ಸಿಕ್ಕಿತು, ಏನೋ ನಾರು ಇರಬೇಕು ಅಂತ ಕತ್ತರಿ ಹಾಕಿಬಿಟ್ಟೆ. ಅದರ ಜೊತೆಗೇ ಪಕ್ಕದ ನರವೂ ಹೋಯಿತು.

ಆಮೇಲೆ ದಾರಿ ಬದಲಿಸಿದೆ. ಈಗ ನಾನು ಲಿಗಮೆಂಟನ್ನು ಹುಡುಕುವುದೇ ಇಲ್ಲ, ನರವನ್ನು ಹುಡುಕುತ್ತೇನೆ. ಎಡ ಶ್ವಾಸಕೋಶವನ್ನು ಮೊದಲೇ ತೆಗೆದಿಟ್ಟರೆ ಜಾಗ ಸಿಗುತ್ತದೆ. ಕಮಾನಿನ ಎಡಮಗ್ಗುಲಲ್ಲಿ ವೇಗಸ್ ನರ ಇಳಿದು ಬರುತ್ತದೆ. ಅದನ್ನೇ ಫೋರ್ಸೆಪ್ಸ್‌ನಿಂದ ಮೆಲ್ಲಗೆ ಬಿಡಿಸುತ್ತಾ ಕೆಳಗೆ ಬಂದರೆ ಒಂದು ಕವಲು ಕಮಾನಿನ ಅಡಿಗೆ ನುಸುಳಿ ಹಿಂದಿನಿಂದ ಕುತ್ತಿಗೆಯ ಕಡೆ ಹತ್ತುತ್ತದೆ. ಅದು ಎಡ ರಿಕರೆಂಟ್ ಲ್ಯಾರಿಂಜಿಯಲ್ ನರ, ಧ್ವನಿಪೆಟ್ಟಿಗೆಗೆ ಹೋಗುವಂಥದ್ದು. ಅದು ನುಸುಳುವ ಜಾಗದ ಮುಂದೆಯೇ ಲಿಗಮೆಂಟ್ ಇರುತ್ತದೆ. ಅನುಮಾನವಿದ್ದರೆ ಹೃದಯದಿಂದ ಶ್ವಾಸಕೋಶದ ಕಡೆ ಹೋಗುವ ದೊಡ್ಡ ಧಮನಿ ಪಲ್ಮನರಿ ಟ್ರಂಕ್ ಅನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಕೆಳಕ್ಕೆಳೆಯಿರಿ. ಎಡ ಪಲ್ಮನರಿ ಧಮನಿಯ ಬುಡದಿಂದ ಕಮಾನಿನ ಅಡಿಗೆ ಹೋಗುವ ಗಿಡ್ಡ ಹುರಿ ಬಿಗಿಯಾಗಿ ಎದ್ದು ಕಾಣುತ್ತದೆ. ಕೊಬ್ಬು ಹಾಗೆ ಬಿಗಿಯಾಗುವುದಿಲ್ಲ.

ಈ ಹುರಿ ಹೆಚ್ಚುಕಮ್ಮಿ 1 ಸೆಂ.ಮೀ. ಉದ್ದ, ಅಷ್ಟೇ. ಆದರೆ ಮಗು ಹೊಟ್ಟೆಯೊಳಗಿದ್ದಾಗ ಇದು ಡಕ್ಟಸ್ ಆರ್ಟೀರಿಯೋಸಸ್, ಅಗಲವಾದ ಕೊಳವೆ. ಆಗ ಶ್ವಾಸಕೋಶದಲ್ಲಿ ಗಾಳಿ ಇಲ್ಲ, ಅಲ್ಲಿನ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಹಾಗಾಗಿ ಬಲ ಕುಹರ ತಳ್ಳಿದ ರಕ್ತದಲ್ಲಿ ಬಹುಪಾಲು ಈ ಕೊಳವೆ ಹಿಡಿದು ನೇರ ಅಯೋರ್ಟಾಗೆ ಹೋಗುತ್ತದೆ. ಅಕ್ಕಪಕ್ಕದ ಧಮನಿಗಳ ಗೋಡೆಯಲ್ಲಿ ಇಲಾಸ್ಟಿಕ್ ನಾರು ಜಾಸ್ತಿ, ಇದರ ಗೋಡೆಯಲ್ಲಿ ಸ್ನಾಯು ಜಾಸ್ತಿ. ಆ ಸ್ನಾಯುವನ್ನು ಸಡಿಲವಾಗಿ ಇಟ್ಟಿರುವುದು ಪ್ರೊಸ್ಟಗ್ಲಾಂಡಿನ್ ಇ2 ಮತ್ತು ಕಡಿಮೆ ಆಮ್ಲಜನಕ. ಮಗು ಉಸಿರೆಳೆದಾಗ ಆಮ್ಲಜನಕ ಏರುತ್ತದೆ. ಪ್ರೊಸ್ಟಗ್ಲಾಂಡಿನ್ ಕೊಡುತ್ತಿದ್ದ ಮಾಸು ಕಳಚಿಕೊಂಡಿರುತ್ತದೆ, ಉಳಿದದ್ದನ್ನು ಶ್ವಾಸಕೋಶವೇ ಒಡೆದುಹಾಕುತ್ತದೆ. ಸ್ನಾಯು ಹಿಂಡಿಕೊಳ್ಳುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಸಾಮಾನ್ಯವಾಗಿ ಮೊದಲ ಎರಡು ಮೂರು ದಿನದಲ್ಲೇ ರಕ್ತ ಹರಿಯುವುದು ನಿಲ್ಲುತ್ತದೆ, ಒಳಗೆ ನಾರು ತುಂಬಿ ಪೂರ್ತಿ ಹುರಿಯಾಗಲು ಎರಡು ಮೂರು ವಾರ ಬೇಕು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಈ ಸ್ನಾಯು ಇನ್ನೂ ಮಾಗಿರುವುದಿಲ್ಲ, ಹಾಗಾಗಿ ಅವರಲ್ಲಿ ಇದು ತೆರೆದೇ ಉಳಿಯುವುದು ಜಾಸ್ತಿ.

ಇನ್ನೊಂದು ಕಿಂಡಿ ಹೃದಯದೊಳಗೇ, ಎರಡು ಹೃತ್ಕರ್ಣಗಳ ನಡುವೆ ಇದೆ, ಫೊರಾಮೆನ್ ಓವೇಲ್. ಬಲ ಹೃತ್ಕರ್ಣವನ್ನು ಬಿಡಿಸಿ ತೊಳೆದರೆ ನಡುಗೋಡೆಯಲ್ಲಿ ಹೆಬ್ಬೆರಳು ಒತ್ತಿದಂಥ ತಗ್ಗು ಕಾಣುತ್ತದೆ, ಅದೇ ಫಾಸಾ ಓವೇಲಿಸ್. ಇಲ್ಲಿ ಬಾಗಿಲಿನಂತಿರುವ ತೆಳು ಪೊರೆ ಎಡಗಡೆಗೆ ಮಾತ್ರ ತೆರೆಯುವಂಥದ್ದು. ಹುಟ್ಟಿದ ಮೇಲೆ ಶ್ವಾಸಕೋಶದಿಂದ ರಕ್ತ ಬಂದು ಎಡಗಡೆ ಒತ್ತಡ ಏರುತ್ತದೆ, ಬಾಗಿಲು ಗೋಡೆಗೆ ಒತ್ತಿಕೊಂಡು ಮುಚ್ಚುತ್ತದೆ. ಮುಚ್ಚಿದ್ದೇನೋ ಸರಿ, ಅಂಟಿಕೊಳ್ಳುವುದು ಬೇರೆ ಮಾತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಅಂಟುವುದೇ ಇಲ್ಲ.

ಅಂಟಿದೆಯೋ ಇಲ್ಲವೋ ನೋಡುವುದು ಹೀಗೆ: ಮೊಂಡು ತುದಿಯ ಪ್ರೋಬ್ ತೆಗೆದುಕೊಂಡು ತಗ್ಗಿನ ಮೇಲಂಚಿನ ದಡದ ಕೆಳಗೆ ಇಟ್ಟು, ಓರೆಯಾಗಿ ಮೇಲಕ್ಕೂ ಮುಂದಕ್ಕೂ ಜಾರಿಸಬೇಕು. ನಡುಮಧ್ಯೆ ಚುಚ್ಚಬಾರದು, ಅಲ್ಲಿನ ಪೊರೆ ಬೆಳಕು ಹಾಯುವಷ್ಟು ತೆಳ್ಳಗಿರುತ್ತದೆ.

ಕಳೆದ ಬ್ಯಾಚ್‌ನಲ್ಲಿ ಒಬ್ಬ ಹುಡುಗ "ಸರ್, ಹೋಯ್ತು!" ಅಂತ ಕೂಗಿದ. ಎಷ್ಟು ಜೋರಾಗಿ ತಳ್ಳಿದೆ ಅಂತ ಕೇಳಿದರೆ ಸುಮ್ನೆ ನಿಂತ. ಎಡ ಹೃತ್ಕರ್ಣವನ್ನೂ ಬಿಡಿಸಿ ನೋಡಿದೆವು. ನಿಜವಾದ ದಾರಿಯಾದರೆ ಪ್ರೋಬ್ ಒಂದು ಸಣ್ಣ ಸುರಂಗದಲ್ಲಿ ಓರೆಯಾಗಿ ಹಾಯ್ದು, ಅರ್ಧಚಂದ್ರದಂಥ ನುಣುಪಾದ ಅಂಚಿನಡಿಯಿಂದ ಹೊರಬರಬೇಕು. ಇಲ್ಲಿ ಅದು ತಗ್ಗಿನ ನಡುವಿನಿಂದ ನೇರವಾಗಿ ಬಂದಿತ್ತು, ಸುತ್ತ ಪೊರೆ ಚಿಂದಿಯಾಗಿತ್ತು. ಅವನೇ ಮಾಡಿದ ತೂತು. ಮೇಲಂಚಿನಲ್ಲಿ ಮತ್ತೆ ನಾನು ಜಾರಿಸಿ ನೋಡಿದೆ. ತಮಾಷೆ ಅಂದರೆ, ಅಲ್ಲಿ ಅದು ಒಂದಿಷ್ಟೂ ತಡೆಯಿಲ್ಲದೆ ಹೋಯಿತು, ನುಣುಪಾದ ಅಂಚಿನ ಅಡಿಯಿಂದಲೇ.