ನಿಮ್ಮ ಮಕ್ಕಳಿಲ್ಲದ ಹಾಸ್ಟೆಲ್‌ಗಾಗಿ ನೀವು ಹೈಕೋರ್ಟ್‌ಗೆ ಹೋಗಬಹುದೇ?

ಒಂದು ಊರು, ಒಂದು ಹಾಸ್ಟೆಲ್ ಅಂದುಕೊಳ್ಳಿ. ಹೋಬಳಿ ಕೇಂದ್ರದಲ್ಲಿ ಹಿಂದುಳಿದ ವರ್ಗದ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ ಇದೆ. ಎಂಬತ್ತು ಮಕ್ಕಳಿಗೆ ಬಳಕೆಯಲ್ಲಿರುವುದು ಎರಡೇ ಶೌಚಾಲಯ, ಅದರಲ್ಲೊಂದಕ್ಕೆ ಬಾಗಿಲಿಲ್ಲ. ಕುಡಿಯುವ ನೀರಿನ ಫಿಲ್ಟರ್ ಕೆಟ್ಟು ಒಂದು ವರ್ಷವಾಗಿದೆ. ರಾತ್ರಿ ಕಾವಲಿಗೆ ಯಾರೂ ಇಲ್ಲ. ನೀವು ಅದೇ ಊರಿನ ನಿವೃತ್ತ ಮೇಷ್ಟ್ರು. ನಿಮ್ಮ ಮನೆಯ ಮಗು ಯಾವುದೂ ಅಲ್ಲಿಲ್ಲ. ಕೋರ್ಟ್‌ಗೆ ಹೋದರೆ ಮೊದಲು ಬರುವ ಪ್ರಶ್ನೆ ಒಂದೇ: ನೀವ್ಯಾರು?

ಈ ಪ್ರಶ್ನೆಗೆ ವಕೀಲರ ಭಾಷೆಯಲ್ಲಿ ಲೋಕಸ್ ಸ್ಟ್ಯಾಂಡಿ ಎನ್ನುತ್ತಾರೆ. ಅಂದರೆ ಈ ವಿಷಯ ಹಿಡಿದು ಕೋರ್ಟ್ ಮುಂದೆ ನಿಲ್ಲುವ ಹಕ್ಕು ನಿಮಗಿದೆಯೇ ಎಂಬುದು. ಹಳೆಯ ನಿಯಮ ಬಿಗಿಯಾಗಿತ್ತು. ಪೆಟ್ಟು ಬಿದ್ದವನೇ ಬರಬೇಕು, ಪಕ್ಕದ ಮನೆಯವನು ಬಂದರೆ ವಾಪಸ್ ಕಳಿಸುತ್ತಿದ್ದರು. ಆ ಬಿಗಿ ಸಡಿಲಗೊಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. 1979ರ ಜನವರಿಯಲ್ಲಿ ಬಿಹಾರದ ಜೈಲುಗಳ ಬಗ್ಗೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಲೇಖನಗಳು ಬಂದವು. ವಿಚಾರಣೆಯೇ ನಡೆಯದೆ ಅನೇಕರು ವರ್ಷಗಟ್ಟಲೆ ಒಳಗಿದ್ದರು. ತಪ್ಪು ಸಾಬೀತಾಗಿದ್ದರೂ ಅವರಲ್ಲಿ ಕೆಲವರಿಗೆ ಅಷ್ಟು ವರ್ಷ ಶಿಕ್ಷೆ ಆಗುತ್ತಿರಲಿಲ್ಲ! ವಕೀಲೆ ಪುಷ್ಪಾ ಕಪಿಲಾ ಹಿಂಗೊರಾನಿ ಆ ಲೇಖನಗಳನ್ನೇ ಆಧಾರವಾಗಿಟ್ಟು ಸುಪ್ರೀಂ ಕೋರ್ಟ್‌ಗೆ ಹೋದರು. ಅವರು ಆ ಕೈದಿಗಳ ಬಂಧುವೂ ಅಲ್ಲ, ಅವರು ನೇಮಿಸಿಕೊಂಡ ವಕೀಲೆಯೂ ಅಲ್ಲ. ಅದೇ ಹುಸೇನಾರಾ ಖಾತೂನ್ ಪ್ರಕರಣ. ಎಷ್ಟೋ ಕೈದಿಗಳು ಅದರಿಂದ ಹೊರಬಂದರು.

ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟದ್ದು 1981ರ ಕೊನೆಯಲ್ಲಿ ಬಂದ ಎಸ್.ಪಿ. ಗುಪ್ತಾ ತೀರ್ಪು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅದರಲ್ಲಿ ಹೇಳಿದ್ದರ ಸಾರ ಇಷ್ಟು: ಬಡತನ, ಅಸಹಾಯಕತೆ ಅಥವಾ ಸಮಾಜದಲ್ಲಿನ ಕೆಳಗಿನ ಸ್ಥಾನದಿಂದಾಗಿ ತಾವೇ ಕೋರ್ಟ್‌ಗೆ ಬರಲಾಗದವರ ಪರವಾಗಿ ಸಾರ್ವಜನಿಕರಲ್ಲಿ ಯಾರು ಬೇಕಾದರೂ ಬರಬಹುದು. ಆದರೆ ಪ್ರಾಮಾಣಿಕ ಉದ್ದೇಶ ಇರಬೇಕು. ಸುಮ್ನೆ ತಲೆ ಹಾಕುವವರಿಗೆ ಇಲ್ಲಿ ಜಾಗವಿಲ್ಲ.

ಹಾಗಾಗಿ ಮೇಷ್ಟ್ರು ಎರಡು ಸಂಗತಿ ತೋರಿಸಬೇಕು. ಆ ಮಕ್ಕಳು ತಾವೇ ಏಕೆ ಬರಲಾರರು? ಇದರಲ್ಲಿ ತಮಗೆ ಏನೂ ಲಾಭವಿಲ್ಲ ಎಂಬುದಕ್ಕೆ ಆಧಾರವೇನು? ಇಂಥ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಪಿಐಎಲ್ ಎನ್ನುತ್ತಾರೆ. ಬಹಳಷ್ಟು ಪಿಐಎಲ್‌ಗಳು ಎಡವುವುದು ಎರಡನೆಯದರಲ್ಲಿ. ಹಾಸ್ಟೆಲ್ ಪಕ್ಕದಲ್ಲಿ ಮೇಷ್ಟ್ರ ಭಾವಮೈದುನನ ಖಾಲಿ ಕಟ್ಟಡ ಇದೆ, 'ಹಾಸ್ಟೆಲನ್ನು ಬೇರೆ ಬಾಡಿಗೆ ಕಟ್ಟಡಕ್ಕೆ ಬದಲಾಯಿಸಿ' ಎಂದು ಅರ್ಜಿಯಲ್ಲಿ ಕೇಳಿದ್ದಾರೆ ಅಂದುಕೊಳ್ಳಿ. ಸರ್ಕಾರಿ ವಕೀಲರು ಅದನ್ನು ಹುಡುಕಿ ತೆಗೆಯುತ್ತಾರೆ. ಆಮೇಲೆ ಬಾಗಿಲಿಲ್ಲದ ಶೌಚಾಲಯದ ಮಾತು ಹಿಂದೆ ಸರಿದು, ಮೇಷ್ಟ್ರ ನಂಟಸ್ತಿಕೆಯೇ ಚರ್ಚೆಯಾಗುತ್ತದೆ. ಅಂಥ ಸಂಬಂಧ ಏನಾದರೂ ಇದ್ದರೆ ಅರ್ಜಿಯಲ್ಲಿ ನಾವೇ ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಬೇರೆಯವರನ್ನು ಮುಂದೆ ಬಿಡುವುದು ವಾಸಿ.

ಮೊದಲ ಕೆಲಸ ಕಾಗದ

ಕೋರ್ಟ್‌ಗೆ ಹೋಗುವ ಮೊದಲು ಕಚೇರಿಗಳಿಗೆ ಹೋಗಬೇಕು. 'ಅಧಿಕಾರಿಗಳು ಮಾಡಬೇಕಾದ ಕೆಲಸ ಮಾಡಿಲ್ಲ, ಮಾಡಿಸಿ' ಎಂದು ಕೇಳುವ ರಿಟ್‌ಗೆ, ಅಂದರೆ ಅಧಿಕಾರಿಗಳಿಗೆ ಕೋರ್ಟ್ ಕೊಡುವ ಆದೇಶಕ್ಕೆ, ಮ್ಯಾಂಡಮಸ್ ಎನ್ನುತ್ತಾರೆ. ಅದನ್ನು ಕೇಳುವವರು ಸಾಮಾನ್ಯವಾಗಿ ಮೊದಲು ಅಧಿಕಾರಿಗಳ ಬಳಿ ಕೇಳಿರಬೇಕು, ಅವರು ಮಾಡದೆ ಬಿಟ್ಟಿರಬೇಕು. ಆದ್ದರಿಂದ ಇಲಾಖೆಯ ತಾಲ್ಲೂಕು ಅಧಿಕಾರಿ, ಜಿಲ್ಲಾ ಅಧಿಕಾರಿ, ಜಿಲ್ಲಾಧಿಕಾರಿ, ಮೂವರಿಗೂ ಮನವಿ ಕೊಡಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿ. ಮುದ್ರೆ ಹಾಕಲು ಹಿಂದೇಟು ಹಾಕಿದರೆ ಜಗಳ ಬೇಡ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. 'ಬಾಯಲ್ಲಿ ಎಷ್ಟು ಸಲ ಹೇಳಿದೆವು ಸ್ವಾಮಿ' ಅನ್ನುವ ಮಾತಿಗೆ ಕೋರ್ಟ್‌ನಲ್ಲಿ ತೂಕವಿಲ್ಲ.

ಜೊತೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ಹಾಗಾಗಿ ಉದ್ದ ಕಥೆ ಬೇಡ. ಹಾಸ್ಟೆಲ್‌ಗೆ ಮಂಜೂರಾದ ಮಕ್ಕಳ ಸಂಖ್ಯೆ ಎಷ್ಟು, ಈಗ ಇರುವವರು ಎಷ್ಟು, ರಾತ್ರಿ ಕಾವಲುಗಾರರ ಹುದ್ದೆ ಮಂಜೂರಾಗಿದೆಯೇ, ನೀರಿನ ಪರೀಕ್ಷಾ ವರದಿ ಇದ್ದರೆ ಅದರ ನಕಲು ಕೊಡಿ. ಅಷ್ಟೇ ಸಾಕು. 'ಕಾವಲುಗಾರರ ಹುದ್ದೆ ಮಂಜೂರಾಗಿದೆ, ಖಾಲಿ ಇದೆ' ಎಂದು ಇಲಾಖೆಯೇ ಬರೆದುಕೊಟ್ಟರೆ, ನೀವು ಬರೆಯುವ ಹತ್ತು ಪುಟಕ್ಕಿಂತ ಆ ಒಂದು ಸಾಲು ಗಟ್ಟಿ.

ಫೋಟೊ ವಿಷಯದಲ್ಲಿ ಎಚ್ಚರ. ಹೆಣ್ಣುಮಕ್ಕಳ ಹಾಸ್ಟೆಲ್ ಒಳಗೆ ಅನುಮತಿ ಇಲ್ಲದೆ ನುಗ್ಗಿ ತೆಗೆದ ಫೋಟೊ ನಿಮಗೇ ತಿರುಗುಬಾಣ. ಪೋಷಕರು ಕೊಟ್ಟ ಫೋಟೊ ಇದ್ದರೆ ಮಕ್ಕಳ ಮುಖ ಕಾಣದ ಹಾಗೆ ಬಳಸಿ. ಮಕ್ಕಳ ಹೆಸರನ್ನೂ ಅರ್ಜಿಯಲ್ಲಿ ಹಾಕಬೇಡಿ. ಪತ್ರಿಕಾ ವರದಿಯನ್ನು ಲಗತ್ತಿಸಬಹುದು, ಆದರೆ ಅದೊಂದನ್ನೇ ನಂಬಿ ಹೋಗಬಾರದು. ಕೋರ್ಟ್ ಪತ್ರಿಕೆ ಓದಿ ತಾನೇ ಕೇಸು ಹಾಕಿಕೊಳ್ಳುವುದುಂಟು. 2013ರಲ್ಲಿ ಶಾಲೆ ಬಿಟ್ಟ ಮಕ್ಕಳ ಬಗ್ಗೆ ನಮ್ಮ ಹೈಕೋರ್ಟ್ ಹೀಗೆ ಮಾಡಿತು. ಆದರೆ ನಾವು ಹೋದಾಗ, ಆ ವರದಿಯಲ್ಲಿರುವುದು ನಿಜವೇ ಎಂದು ನೀವೇನು ವಿಚಾರಿಸಿದಿರಿ ಎಂದು ಕೇಳುತ್ತದೆ.

ಅರ್ಜಿಯಲ್ಲಿ ಏನು ಬರೆಯಬೇಕು

ಹೈಕೋರ್ಟ್‌ಗೆ ಹೋಗುವುದು ಸಂವಿಧಾನದ 226ನೇ ವಿಧಿಯಡಿ. ನೇರವಾಗಿ ಸುಪ್ರೀಂ ಕೋರ್ಟ್‌ಗೆ 32ನೇ ವಿಧಿಯಡಿ ಹೋಗಬಹುದು, ಆದರೆ ಒಂದು ಹಾಸ್ಟೆಲ್‌ನ ವಿಷಯಕ್ಕೆ ದೆಹಲಿಗೆ ಹೋದರೆ 'ಹೈಕೋರ್ಟ್ ಇದೆಯಲ್ಲ' ಎಂದು ವಾಪಸ್ ಕಳಿಸುವ ಸಾಧ್ಯತೆಯೇ ಜಾಸ್ತಿ. ಕರ್ನಾಟಕ ಹೈಕೋರ್ಟ್ 2018ರಲ್ಲಿ ಪಿಐಎಲ್‌ಗೆಂದೇ ನಿಯಮ ಮಾಡಿದೆ. ಇದಕ್ಕೆ ಹಿನ್ನೆಲೆ 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪು. ಅರ್ಜಿದಾರ ಯಾರು, ಹೇಳಿದ್ದು ಮೇಲ್ನೋಟಕ್ಕೆ ನಿಜವೇ, ಸ್ವಂತ ಲಾಭ ಇದೆಯೇ ಎಂದು ನೋಡಿಯೇ ಪಿಐಎಲ್ ತೆಗೆದುಕೊಳ್ಳಿ, ಅದಕ್ಕೆ ನಿಯಮ ಮಾಡಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಎಲ್ಲ ಹೈಕೋರ್ಟ್‌ಗಳಿಗೆ ಹೇಳಿತ್ತು. ಆ ನಿಯಮದ ಈಗಿನ ಪ್ರತಿಯನ್ನು ಮುಂದಿಟ್ಟುಕೊಂಡೇ ಅರ್ಜಿ ಬರೆಸಿ.

ಅರ್ಜಿಯ ಮೊದಲ ಪ್ಯಾರಾಗಳಲ್ಲೇ ಮೇಷ್ಟ್ರ ಪರಿಚಯ ಬರಬೇಕು. ಅದು ಹೆಚ್ಚುಕಡಿಮೆ ಹೀಗಿರುತ್ತದೆ: 'ಅರ್ಜಿದಾರರು ಇದೇ ಊರಿನ ನಿವಾಸಿ, ನಿವೃತ್ತ ಸರ್ಕಾರಿ ಶಿಕ್ಷಕರು. ಹಾಸ್ಟೆಲ್‌ನಲ್ಲಿರುವವರು ಅಪ್ರಾಪ್ತ ವಯಸ್ಸಿನ ಮಕ್ಕಳು. ಪೋಷಕರಲ್ಲಿ ಹೆಚ್ಚಿನವರು ಕೂಲಿಗೆ ಹೋಗುವವರು, ದೂರು ಕೊಟ್ಟರೆ ಮಕ್ಕಳ ಸೀಟಿಗೆ ತೊಂದರೆಯಾದೀತು ಎಂಬ ಭಯ ಅವರಿಗಿದೆ. ಈ ಅರ್ಜಿಯಲ್ಲಿ ಅರ್ಜಿದಾರರಿಗೆ ವೈಯಕ್ತಿಕ ಹಿತಾಸಕ್ತಿ ಇಲ್ಲ. ಹಾಸ್ಟೆಲ್‌ನ ಯಾವುದೇ ಟೆಂಡರ್, ಬಾಡಿಗೆ, ನೇಮಕಾತಿಯಲ್ಲಿ ಅವರಿಗಾಗಲಿ ಅವರ ಕುಟುಂಬಕ್ಕಾಗಲಿ ಸಂಬಂಧವಿಲ್ಲ.' ಆಮೇಲೆ ಮನವಿ ಕೊಟ್ಟ ತಾರೀಖುಗಳು, ಮಾಹಿತಿ ಹಕ್ಕಿನ ಉತ್ತರ. ಇವನ್ನೆಲ್ಲ ಅನೆಕ್ಸರ್ ಎ, ಬಿ, ಸಿ ಎಂದು ಗುರುತಿಸಿ ಕೊನೆಯಲ್ಲಿ ಲಗತ್ತಿಸುತ್ತಾರೆ. ಅರ್ಜಿಯಲ್ಲಿರುವುದು ಸತ್ಯ ಎಂಬ ಅಫಿಡವಿಟ್‌ಗೆ ಸಹಿ ಹಾಕುವವರು ನೀವು, ವಕೀಲರಲ್ಲ. ಆದ್ದರಿಂದ ಓದದೆ ಸಹಿ ಹಾಕಬೇಡಿ.

ಕೋರಿಕೆ ಬರೆಯುವಾಗ ಆಸೆ ಹತ್ತಿಕ್ಕಬೇಕು. 'ರಾಜ್ಯದ ಎಲ್ಲ ಹಾಸ್ಟೆಲ್‌ಗಳನ್ನು ಸುಧಾರಿಸಿ' ಎಂದು ಕೇಳಿದರೆ ಕೋರ್ಟ್ ಏನು ಆದೇಶ ಮಾಡಬೇಕು? ಈ ಹಾಸ್ಟೆಲ್‌ಗೆ ಇಷ್ಟು ಶೌಚಾಲಯ, ಇಷ್ಟು ದಿನದಲ್ಲಿ ಶುದ್ಧ ನೀರು, ಖಾಲಿ ಇರುವ ಕಾವಲುಗಾರರ ಹುದ್ದೆ ಭರ್ತಿ, ಸ್ಥಳ ಪರಿಶೀಲಿಸಿ ಕೋರ್ಟ್‌ಗೆ ವರದಿ. ಹೀಗೆ ಕೇಳಿದರೆ ಆದೇಶ ಪಾಲನೆಯಾಯಿತೇ ಇಲ್ಲವೇ ಎಂದು ಆಮೇಲೆ ಅಳೆಯಬಹುದು. 'ವಾರ್ಡನ್ ಅವರನ್ನು ವರ್ಗಾವಣೆ ಮಾಡಿ' ಎಂದು ಮಾತ್ರ ಸೇರಿಸಬೇಡಿ. ಅದು ನೌಕರಿ ವಿಚಾರವಾಗುತ್ತದೆ, ಅದಕ್ಕೆ ಪಿಐಎಲ್ ಇಲ್ಲ ಎಂದು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಅರ್ಹತೆಯೇ ಇಲ್ಲದವರು ಸಾರ್ವಜನಿಕ ಹುದ್ದೆಯಲ್ಲಿ ಕೂತಿದ್ದಾರೆ ಎನ್ನುವ ಕೋ ವಾರಂಟೊ ಅರ್ಜಿಯೊಂದು ಇದಕ್ಕೆ ಹೊರತು.

ದುಡ್ಡಿಲ್ಲದಿದ್ದರೆ ಎರಡು ದಾರಿ ಇವೆ. ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಯ ಮೂಲಕ ಉಚಿತ ವಕೀಲರನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಇದಕ್ಕೆ ಆದಾಯ ಮಿತಿ ಇಲ್ಲ. ಇನ್ನೊಂದು, ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ. ಪತ್ರವೇ ಅರ್ಜಿಯಾದ ಉದಾಹರಣೆಗಳಿವೆ, ಆದರೆ ಬಂದ ಪತ್ರವೆಲ್ಲ ಅರ್ಜಿಯಾಗುವುದಿಲ್ಲ. ಸುಪ್ರೀಂ ಕೋರ್ಟ್ 1988ರಲ್ಲೇ ಇದಕ್ಕೊಂದು ಪಟ್ಟಿ ಮಾಡಿದೆ. ಜೀತ, ನಿರ್ಲಕ್ಷಿತ ಮಕ್ಕಳು, ಕನಿಷ್ಠ ಕೂಲಿ ಕೊಡದಿರುವುದು, ಮಹಿಳೆಯರ ಮೇಲಿನ ದೌರ್ಜನ್ಯ, ಪರಿಸರ ಮಾಲಿನ್ಯದಂಥ ವಿಷಯಗಳು ಅದರಲ್ಲಿವೆ. ಮನೆ ಮಾಲೀಕ ಬಾಡಿಗೆದಾರರ ಜಗಳ ಇಲ್ಲ.

ಕೋರ್ಟ್‌ನಲ್ಲಿ ಆಮೇಲೆ

ಅರ್ಜಿ ಕೊಟ್ಟ ಮೇಲೆ ಕಚೇರಿಯವರು ಆಬ್ಜೆಕ್ಷನ್ ಹಾಕುವುದು ಮಾಮೂಲು. ಒಂದು ಪುಟ ಓದಲಾಗುತ್ತಿಲ್ಲ, ಟೈಪ್ ಮಾಡಿಸಿ ಎನ್ನಬಹುದು. ಕನ್ನಡ ದಾಖಲೆಗೆ ಇಂಗ್ಲಿಷ್ ಅನುವಾದ ಕೇಳಬಹುದು. ಅದು ಸರಿಹೋದ ಮೇಲೆ ಡಬ್ಲ್ಯುಪಿ, ಅಂದರೆ ರಿಟ್ ಅರ್ಜಿಯ ನಂಬರ್ ಬರುತ್ತದೆ, ಪಕ್ಕದಲ್ಲಿ ಪಿಐಎಲ್ ಎಂಬ ಗುರುತೂ ಇರುತ್ತದೆ. ಇಬ್ಬರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ, ಸಾಮಾನ್ಯವಾಗಿ ಮುಖ್ಯ ನ್ಯಾಯಮೂರ್ತಿಗಳ ಪೀಠ. ಮೊದಲ ದಿನ ಕೆಲವೇ ನಿಮಿಷ ಸಿಗುತ್ತದೆ. ಆ ಸಮಯದಲ್ಲಿ ವಕೀಲರು ತೋರಿಸಬೇಕಾದ್ದು ಭಾಷಣವಲ್ಲ, 'ಹುದ್ದೆ ಖಾಲಿ ಇದೆ' ಎಂಬ ಆ ಅನೆಕ್ಸರ್.

ನೋಟಿಸ್ ಆದರೆ ಸರ್ಕಾರ ಉತ್ತರ ಹಾಕುತ್ತದೆ. 'ಎಲ್ಲ ಸರಿಯಿದೆ' ಎಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರನ್ನು ಕಳಿಸಿ ನೋಡಿಸಿ ಎಂದು ಕೇಳಿ. ಕೋರ್ಟ್‌ಗಳು ಹಾಗೆ ವರದಿ ತರಿಸಿಕೊಳ್ಳುವುದುಂಟು. ನಡುವೆ ಎಷ್ಟೋ ಸಲ ಶೌಚಾಲಯಕ್ಕೆ ಬಾಗಿಲು ಬಂದುಬಿಡುತ್ತದೆ, ಅಂತಿಮ ಆದೇಶಕ್ಕೆ ಕಾಯುವುದಿಲ್ಲ!

ಇಲ್ಲಿ ಒಂದು ಮಾತು. ಪಿಐಎಲ್ ಹಾಕಿದ ಮೇಲೆ ಕೇಸು ನಿಮ್ಮ ಸ್ವತ್ತಲ್ಲ. ಮನಸ್ಸು ಬದಲಾಯಿತು, ವಾಪಸ್ ತೆಗೆದುಕೊಳ್ಳುತ್ತೇನೆ ಎಂದರೆ ಕೋರ್ಟ್ ಬಿಡಲೇಬೇಕೆಂದಿಲ್ಲ. ಜೈಲಿನಲ್ಲಿದ್ದ ಮಕ್ಕಳ ಕುರಿತ ಶೀಲಾ ಬರ್ಸೆ ಪ್ರಕರಣದಲ್ಲಿ, 1988ರಲ್ಲಿ, ಅರ್ಜಿದಾರರು ಹಿಂದೆ ಸರಿದರೂ ಕೇಸನ್ನು ಸುಪ್ರೀಂ ಕೋರ್ಟ್ ಮುಂದುವರಿಸಿತು. ಕೇಸನ್ನು ತೋರಿಸಿ ವಸೂಲಿಗೆ ಇಳಿದರಂತೂ ಮುಗಿಯಿತು. ಅಕ್ರಮ ಕಟ್ಟಡದ ಹೆಸರಿನಲ್ಲಿ ಪಿಐಎಲ್ ಹಾಕಿ ದುಡ್ಡಿನ ವ್ಯವಹಾರಕ್ಕೆ ಕೈಹಾಕಿದ ಮಹಾರಾಷ್ಟ್ರದ ಒಬ್ಬ ವಕೀಲರಿಗೆ 25,000 ರೂಪಾಯಿ ದಂಡ ಬಿತ್ತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಆದೇಶ ಬಂದ ದಿನವೇ ಅದರಲ್ಲಿ ಕೊಟ್ಟ ಗಡುವನ್ನು ಬರೆದಿಟ್ಟುಕೊಳ್ಳಿ. ಸರ್ಟಿಫೈಡ್ ಕಾಪಿ ತೆಗೆಸಿ, ಒಂದು ಪತ್ರದೊಂದಿಗೆ ಸಂಬಂಧಪಟ್ಟ ಅಧಿಕಾರಿಗೆ ತಲುಪಿಸಿ, ಅದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಗಡುವು ಮೀರಿದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಆದರೆ ಅದಕ್ಕೆ ಕಾಲಮಿತಿ ಉಲ್ಲಂಘನೆಯಾದ ದಿನದಿಂದ ಒಂದೇ ವರ್ಷ.